ಅಂಕ ಅದೇ, ತೂಕ ಬೇರೆ
ಎರಡು ಪ್ರಶ್ನೆಪತ್ರಿಕೆಗಳ ಅಂಕಗಳನ್ನು ಒಂದೇ ಅಳತೆಗೆ ತರುವುದು ಹೇಗೆ?

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಸಿಗುವ ಶಂಕರಪುರ ಮಲ್ಲಿಗೆಯ ಊರು. ಇಲ್ಲಿ ಹೂವಿನ ಲೆಕ್ಕ ಚೆಂಡು ಮತ್ತು ಅಟ್ಟೆಯಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮೊಗ್ಗು ಕಟ್ಟುವ ಕೈಗಳಿಗೆ ಅಟ್ಟೆಯ ಲೆಕ್ಕ ಎಂದೂ ಬದಲಾಗುವುದಿಲ್ಲ. ಆದರೆ ಅಟ್ಟೆಯ ದರ ದಿನದಿನಕ್ಕೂ ಬದಲಾಗುತ್ತದೆ. ಮದುವೆಯ ದಿನಗಳಲ್ಲಿ ಒಂದು ದರ, ಬೇಡಿಕೆ ಇಲ್ಲದಾಗ ಇನ್ನೊಂದು. ನಿನ್ನೆ ಎರಡು ಅಟ್ಟೆ ಕೊಟ್ಟವರಿಗೂ ಇಂದು ಎರಡು ಅಟ್ಟೆ ಕೊಟ್ಟವರಿಗೂ ಒಂದೇ ಹಣ ಬಂದಿದೆ ಎಂದು ಊರಿನಲ್ಲಿ ಯಾರೂ ತಿಳಿಯುವುದಿಲ್ಲ. ‘ಆ ದಿನದ ದರ ಎಷ್ಟಿತ್ತು?’ ಎಂದು ಮೊದಲು ಕೇಳುತ್ತಾರೆ.

ಮಕ್ಕಳ ಅಂಕಪಟ್ಟಿಯ ವಿಷಯದಲ್ಲಿ ಮಾತ್ರ ಈ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ಪಕ್ಕದ ಮನೆಯ ಹುಡುಗನಿಗೆ ಕಳೆದ ವರ್ಷ 95 ಬಂದಿತ್ತು, ನಮ್ಮವಳಿಗೆ ಈ ವರ್ಷ 91 ಬಂತು, ಅಂದರೆ ನಾಲ್ಕು ಅಂಕ ಕಡಿಮೆಯಾಯಿತು ಎಂದು ಲೆಕ್ಕ ಮುಗಿಸಿಬಿಡುತ್ತೇವೆ. ಎರಡು ವರ್ಷದ ಪ್ರಶ್ನೆಪತ್ರಿಕೆಗಳು ಒಂದೇ ಆಗಿದ್ದವೇ? ಒಂದು ಸುಲಭ, ಇನ್ನೊಂದು ಕಠಿಣ ಆಗಿದ್ದರೆ ಆ ನಾಲ್ಕು ಅಂಕಕ್ಕೆ ಅರ್ಥವೇನು? ಪರೀಕ್ಷೆ ನಡೆಸುವವರು ಈ ಅಂತರವನ್ನು ಸರಿದೂಗಿಸಲು ಹೊರಟಾಗ ಯಾರಿಗೆ ಲಾಭ, ಯಾರಿಗೆ ನಷ್ಟ? ಕರ್ನಾಟಕದ ಸಾವಿರಾರು ಮನೆಗಳಲ್ಲಿ 2022ರ ಮಳೆಗಾಲ ಈ ಪ್ರಶ್ನೆಯಲ್ಲೇ ಕಳೆಯಿತು.

2022ರ ಸಿಇಟಿ ವಿವಾದ

ಕಥೆ ಶುರುವಾಗುವುದು 2021ರಲ್ಲಿ. ಕೊರೋನಾದ ಎರಡನೆಯ ಅಲೆಯಿಂದಾಗಿ ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಪರೀಕ್ಷೆಯೇ ಇಲ್ಲದಿದ್ದರೂ ಅಂಕ ಕೊಡಲೇಬೇಕಿತ್ತು. ಹಾಗಾಗಿ ಎಸ್ಸೆಸ್ಸೆಲ್ಸಿಯ ಅಂಕಗಳಿಗೆ ಶೇ. 45, ಪ್ರಥಮ ಪಿಯುಸಿಯ ಅಂಕಗಳಿಗೆ ಶೇ. 45, ದ್ವಿತೀಯ ಪಿಯುಸಿಯ ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ಎಂದು ತೂಕ ಕೊಟ್ಟು ಫಲಿತಾಂಶ ಸಿದ್ಧಪಡಿಸಲಾಯಿತು. ಹೊಸದಾಗಿ ಪರೀಕ್ಷೆಗೆ ನೋಂದಾಯಿಸಿದ್ದ ಎಲ್ಲರೂ ಉತ್ತೀರ್ಣರಾದರು. 2,239 ಮಂದಿಗೆ 600ಕ್ಕೆ 600 ಬಂತು.

ಇದರ ಹಿಂದಿನ ಮತ್ತು ಮುಂದಿನ ವರ್ಷವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 2020ರಲ್ಲಿ ವಿಜ್ಞಾನ ವಿಭಾಗದಲ್ಲಿ ರಾಜ್ಯಕ್ಕೆ ಮೊದಲಿಗಳಾದ ಉಡುಪಿಯ ವಿದ್ಯಾರ್ಥಿನಿಗೆ ಬಂದದ್ದು 596. 2022ರಲ್ಲಿ ಅದೇ ವಿಭಾಗದ ಅತಿ ಹೆಚ್ಚಿನ ಅಂಕ 598. ಉತ್ತೀರ್ಣರಾದವರ ಪ್ರಮಾಣ ಈ ಎರಡೂ ವರ್ಷಗಳಲ್ಲಿ ಶೇ. 62ರ ಆಸುಪಾಸು. ನಡುವಿನ 2021ರಲ್ಲಿ ಮಾತ್ರ ಅದು ನೂರಕ್ಕೆ ನೂರು. ಒಂದೇ ವರ್ಷ ರಾಜ್ಯದ ಮಕ್ಕಳೆಲ್ಲ ಇದ್ದಕ್ಕಿದ್ದಂತೆ ಜಾಣರಾಗಿ, ಮರುವರ್ಷ ಮತ್ತೆ ಹಳೆಯ ಸ್ಥಿತಿಗೆ ಇಳಿದರು ಎಂದು ನಂಬುವುದು ಕಷ್ಟ. ಬದಲಾದದ್ದು ಅಳೆಯುವ ಕೋಲು.

2021ರ ಸಿಇಟಿಯಲ್ಲಿ ಇದರಿಂದ ತೊಂದರೆಯಾಗಲಿಲ್ಲ. ಆ ವರ್ಷ ಪಿಯು ಅಂಕಗಳನ್ನು ಪಕ್ಕಕ್ಕಿಟ್ಟು ಸಿಇಟಿ ಅಂಕದ ಮೇಲೆಯೇ ರ‍್ಯಾಂಕ್ ಕೊಡಲಾಯಿತು. ಗೊಂದಲ ಬಂದದ್ದು ಮರುವರ್ಷ. 2022ರಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ಎಂಬ ಹಳೆಯ ಪದ್ಧತಿ ಮರಳಿತು. ಆದರೆ 2021ರಲ್ಲಿ ಪಿಯುಸಿ ಮುಗಿಸಿ, ಇನ್ನೊಮ್ಮೆ ಸಿಇಟಿ ಬರೆದ ಸುಮಾರು 24 ಸಾವಿರ ಮಂದಿಯೂ ಅದೇ ಸಾಲಿನಲ್ಲಿ ನಿಂತಿದ್ದರು. ಪರೀಕ್ಷೆ ಬರೆಯದೆ ಬಂದ ಅವರ ಪಿಯು ಅಂಕವನ್ನು, ಪರೀಕ್ಷೆ ಬರೆದು ಬಂದವರ ಅಂಕದೊಂದಿಗೆ ಸೇರಿಸುವುದು ಹೇಗೆ? ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅವರ ಪಿಯು ಅಂಕವನ್ನೇ ಬಿಟ್ಟು, ಸಿಇಟಿ ಅಂಕವನ್ನಷ್ಟೇ ಪರಿಗಣಿಸಿತು. ಜುಲೈ 30ರಂದು ಫಲಿತಾಂಶ ಬಂದಾಗ ಅವರಲ್ಲಿ ಅನೇಕರ ರ‍್ಯಾಂಕ್ ಪಾತಾಳಕ್ಕಿಳಿದಿತ್ತು. ಅವರು ಹೈಕೋರ್ಟಿನ ಬಾಗಿಲು ತಟ್ಟಿದರು.

ಮೂರು ನಿಯಮ, ಮೂರು ಫಲಿತಾಂಶ

ಪಿಯು ಅಂಕ ಬಿಟ್ಟರೆ ರ‍್ಯಾಂಕ್ ಏಕೆ ಅಷ್ಟು ಇಳಿಯಬೇಕು? ಒಂದು ಲೆಕ್ಕ ಮಾಡಿ ನೋಡೋಣ. ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಸುಮತಿ 2021ರಲ್ಲಿ ಪಿಯುಸಿ ಮುಗಿಸಿದವಳು, ದಿನೇಶ 2022ರಲ್ಲಿ ಮುಗಿಸಿದವನು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ ಪಿಯುಸಿಯಲ್ಲಿ ಸುಮತಿಗೆ 300ಕ್ಕೆ 291, ಅಂದರೆ ಶೇ. 97. ದಿನೇಶನಿಗೆ 279, ಅಂದರೆ ಶೇ. 93. ಸಿಇಟಿಯಲ್ಲಿ ಇಬ್ಬರಿಗೂ 180ಕ್ಕೆ 90, ಅಂದರೆ ಶೇ. 50.

ದಿನೇಶನ ಒಟ್ಟು ಲೆಕ್ಕ ಸುಲಭ: 93 ಮತ್ತು 50ರ ನಡುವಿನ ಸರಾಸರಿ 71.5. ಸುಮತಿಯ ಲೆಕ್ಕ ಮಾತ್ರ ನಿಯಮದ ಮೇಲೆ ನಿಂತಿದೆ.

ಸಿಇಟಿ ಅಂಕವನ್ನಷ್ಟೇ ನೂರಕ್ಕೆ ಎಣಿಸಿದರೆ ಸುಮತಿಗೆ 50. ಸಿಇಟಿಯಲ್ಲಿ ಅವಳಷ್ಟೇ ಅಂಕ ತೆಗೆದ ದಿನೇಶನಿಗಿಂತ 21.5 ಅಂಕ ಹಿಂದೆ. ಸಿಇಟಿ ಪಿಯುಸಿಗಿಂತ ಬಹಳ ಕಠಿಣ. ಪಿಯುಸಿಯಲ್ಲಿ 90 ದಾಟಿದವರಲ್ಲಿ ಅನೇಕರು ಸಿಇಟಿಯಲ್ಲಿ ಅರ್ಧ ಅಂಕದ ಸುತ್ತಮುತ್ತ ನಿಲ್ಲುತ್ತಾರೆ. ಆದ್ದರಿಂದ ಸುಲಭದ ಅರ್ಧವನ್ನು ಒಬ್ಬರಿಂದ ಕಿತ್ತು, ಇನ್ನೊಬ್ಬರಿಗೆ ಉಳಿಸಿದರೆ ಹೋಲಿಕೆಯೇ ತಪ್ಪುತ್ತದೆ. ಎಲ್ಲರಿಗೂ ಸಿಇಟಿ ಮಾತ್ರ ಎಂದಿದ್ದರೆ ಇಬ್ಬರೂ ಸಮ ಆಗುತ್ತಿದ್ದರು.

ಇನ್ನು ಸುಮತಿಯ 97ನ್ನು ಇದ್ದ ಹಾಗೆಯೇ ತೆಗೆದುಕೊಂಡರೆ ಅವಳ ಒಟ್ಟು 73.5. ಆಗ ದಿನೇಶ ಎರಡು ಅಂಕ ಹಿಂದೆ ಬೀಳುತ್ತಾನೆ. ಪರೀಕ್ಷೆ ಬರೆದು 93 ತೆಗೆದವನು, ಪರೀಕ್ಷೆ ಬರೆಯದೆ 97 ಪಡೆದವಳಿಗಿಂತ ನಿಜವಾಗಿಯೂ ಹಿಂದೆಯೇ ಎಂಬ ಪ್ರಶ್ನೆ ಅವನ ಮನೆಯಲ್ಲಿ ಏಳುತ್ತದೆ.

ಆ ವರ್ಷದ ಸೆಪ್ಟೆಂಬರ್ 3ರಂದು ಹೈಕೋರ್ಟಿನ ಏಕಸದಸ್ಯ ಪೀಠ ಪ್ರಾಧಿಕಾರದ ಕ್ರಮವನ್ನು ರದ್ದುಪಡಿಸಿ, ಪಿಯು ಅಂಕವನ್ನೂ ಸೇರಿಸಿ ರ‍್ಯಾಂಕ್ ಕೊಡಲು ಹೇಳಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ತಜ್ಞರ ಸಮಿತಿಯೊಂದು ನಡುವಿನ ದಾರಿ ಸೂಚಿಸಿತು: 2021ರವರ ಪಿಯು ಅಂಕವನ್ನು ಸೇರಿಸೋಣ, ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ನೂರಕ್ಕೆ ಸರಾಸರಿ ಸುಮಾರು 6 ಅಂಕ ಇಳಿಸಿ ಸೇರಿಸೋಣ. ವಿಭಾಗೀಯ ಪೀಠ ಇದನ್ನು ಒಪ್ಪಿತು. ಅಕ್ಟೋಬರ್ 1ರಂದು ಪರಿಷ್ಕೃತ ರ‍್ಯಾಂಕ್ ಪಟ್ಟಿ ಹೊರಬಿತ್ತು. ಈ ಲೆಕ್ಕದಂತೆ ಸುಮತಿಯ 97 ಇಳಿದು 91 ಆಗುತ್ತದೆ, ಒಟ್ಟು 70.5. ಈಗ ದಿನೇಶ ಒಂದು ಅಂಕ ಮುಂದೆ.

ಅದೇ ಇಬ್ಬರು, ಅವೇ ಉತ್ತರಪತ್ರಿಕೆಗಳು. ನಿಯಮ ಬದಲಾದಂತೆ ಸುಮತಿ ಒಮ್ಮೆ ಬಹಳ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಸ್ವಲ್ಪ ಹಿಂದೆ. ಹಾಗಾದರೆ ಸರಿಯಾದ ನಿಯಮವನ್ನು ಹುಡುಕುವುದು ಹೇಗೆ?

ಕೂಡುವುದೋ, ಎಳೆಯುವುದೋ?

ಎಲ್ಲರಿಂದಲೂ ಒಂದೇ ಅಂಕ ಕಳೆಯುವುದು ಅಥವಾ ಎಲ್ಲರಿಗೂ ಒಂದೇ ಅಂಕ ಕೂಡುವುದು ಈ ವಿದ್ಯೆಯ ಮೊದಲ ಪಾಠ. ಇದರ ಹಿಂದಿನ ವಾದ ಸರಳ. ಎರಡು ಗುಂಪುಗಳ ಸಾಮರ್ಥ್ಯ ಹೆಚ್ಚುಕಡಿಮೆ ಒಂದೇ ಇದ್ದು, ಒಂದರ ಸರಾಸರಿ 48, ಇನ್ನೊಂದರದು 60 ಬಂದರೆ, ನಡುವಿನ 12 ಅಂಕ ಮಕ್ಕಳದ್ದಲ್ಲ, ಪ್ರಶ್ನೆಪತ್ರಿಕೆಯದ್ದು. ಕಠಿಣ ಪತ್ರಿಕೆ ಬರೆದವರಿಗೆ 12 ಕೂಡಿದರೆ ಸಮವಾಯಿತು.

ಆದರೆ ಸುಲಭದ ಪತ್ರಿಕೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಸುಲಭವಾಗುವುದಿಲ್ಲ. ಕಠಿಣ ಪತ್ರಿಕೆಯಲ್ಲೂ 90 ತೆಗೆಯುವ ಜಾಣನಿಗೆ ಸುಲಭದ ಪತ್ರಿಕೆ ಕೊಟ್ಟರೆ ಹೆಚ್ಚೆಂದರೆ 10 ಅಂಕ ಹೆಚ್ಚಬಹುದು. ಅದರಾಚೆ ಜಾಗವೇ ಇಲ್ಲ. 30 ತೆಗೆಯುವವನಿಗೆ 20 ಹೆಚ್ಚಿದರೂ ಆಶ್ಚರ್ಯವಿಲ್ಲ. ಅಂದರೆ ಸುಲಭದ ಪತ್ರಿಕೆಯಲ್ಲಿ ಅಂಕಗಳು ಮೇಲೇರುವುದಷ್ಟೇ ಅಲ್ಲ, ಒತ್ತೊತ್ತಾಗಿ ಗುಂಪುಗೂಡುತ್ತವೆ. ಆದ್ದರಿಂದ ಸರಾಸರಿಯ ಜೊತೆಗೆ ಅಂಕಗಳ ಹರಹನ್ನೂ ನೋಡಬೇಕು.

ಹರಹನ್ನು ಅಳೆಯುವ ಸಂಖ್ಯೆಗೆ ಗಣಿತದ ಪುಸ್ತಕದಲ್ಲಿ ಮಾನಕ ವಿಚಲನೆ ಎಂದು ಹೆಸರು. ಪ್ರತಿಯೊಬ್ಬರ ಅಂಕ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗ ಮಾಡಿ, ಅವುಗಳ ಸರಾಸರಿ ತೆಗೆದು, ವರ್ಗಮೂಲ ಹಿಡಿದರೆ ಅದು ಸಿಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಮಕ್ಕಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂಬುದನ್ನು ಅದು ತಿಳಿಸುತ್ತದೆ.

ಒಂದು ಕಾಲೇಜಿನಲ್ಲಿ ಬೆಳಗ್ಗೆ 200, ಮಧ್ಯಾಹ್ನ 200 ಮಂದಿ ಬೇರೆ ಬೇರೆ ಪತ್ರಿಕೆ ಬರೆದರೆಂದು ಇಟ್ಟುಕೊಳ್ಳೋಣ. ಬೆಳಗಿನ ಪತ್ರಿಕೆ ಕಠಿಣ: ಸರಾಸರಿ 48, ಮಾನಕ ವಿಚಲನೆ 16. ಮಧ್ಯಾಹ್ನದ್ದು ಸುಲಭ: ಸರಾಸರಿ 60, ಮಾನಕ ವಿಚಲನೆ 12. ಬೆಳಗ್ಗೆ 64 ಪಡೆದ ಹುಡುಗ ತನ್ನ ಗುಂಪಿನ ಸರಾಸರಿಗಿಂತ 16 ಅಂಕ, ಅಂದರೆ ಸರಿಯಾಗಿ ಒಂದು ಮಾನಕ ವಿಚಲನೆ ಮೇಲಿದ್ದಾನೆ. ಮಧ್ಯಾಹ್ನದ ಗುಂಪಿನಲ್ಲಿ ಒಂದು ಮಾನಕ ವಿಚಲನೆ ಮೇಲೆ ಎಂದರೆ 60ಕ್ಕೆ 12 ಕೂಡಿ 72. ಆದ್ದರಿಂದ ಬೆಳಗಿನ 64, ಮಧ್ಯಾಹ್ನದ 72ಕ್ಕೆ ಸಮ.

ಬೆಳಗ್ಗೆ 80 ಪಡೆದವಳು ಎರಡು ಮಾನಕ ವಿಚಲನೆ ಮೇಲಿದ್ದಾಳೆ. ಅವಳ ಅಂಕ 84 ಆಗುತ್ತದೆ. ಬೆಳಗ್ಗೆ 32 ಪಡೆದವನು ಒಂದು ಮಾನಕ ವಿಚಲನೆ ಕೆಳಗಿದ್ದಾನೆ. ಅವನ ಅಂಕ 48 ಆಗುತ್ತದೆ. ಮೇಲಿನವಳಿಗೆ 4 ಅಂಕ, ನಡುವಿನವನಿಗೆ 8, ಕೆಳಗಿನವನಿಗೆ 16. ಎಲ್ಲರಿಗೂ ಸುಮ್ಮನೆ 12 ಕೂಡಿದ್ದರೆ ಮೂವರ ಅಂಕ 92, 76, 44 ಆಗುತ್ತಿತ್ತು. ಮೇಲಿನವಳಿಗೆ ಇಲ್ಲದ ಲಾಭ, ಕೆಳಗಿನವನಿಗೆ ಅನ್ಯಾಯ. ಪಾಸಾಗಲು 45 ಬೇಕೆಂಬ ನಿಯಮವಿದ್ದರೆ, ಒಂದು ಲೆಕ್ಕದಲ್ಲಿ ಆ ಹುಡುಗ ಪಾಸು, ಇನ್ನೊಂದರಲ್ಲಿ ಫೇಲು.

ಸಾಲಿನಲ್ಲಿ ನಿನ್ನ ಜಾಗ ಯಾವುದು?

ಇಷ್ಟೆಲ್ಲ ಕೂಡಿ ಗುಣಿಸುವ ಬದಲು, ಪ್ರತಿಯೊಬ್ಬರೂ ತಮ್ಮ ಸರದಿಯಲ್ಲಿ ಎಷ್ಟನೆಯವರು ಎಂದು ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಕು. ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಂಸ್ಥೆಗಳ ಪ್ರವೇಶಕ್ಕಾಗಿ ಬರೆಯುವ ಜೆಇಇ ಮೇನ್ ಪರೀಕ್ಷೆಯಲ್ಲಿ 2019ರಿಂದ ನಡೆಯುತ್ತಿರುವುದು ಇದೇ. ಲಕ್ಷಗಟ್ಟಲೆ ಮಂದಿಗೆ ಒಂದೇ ದಿನ ಕಂಪ್ಯೂಟರ್ ಒದಗಿಸಲಾಗದ ಕಾರಣ ಪರೀಕ್ಷೆ ಹಲವು ದಿನ, ಹಲವು ಸರದಿಗಳಲ್ಲಿ ನಡೆಯುತ್ತದೆ. ಪ್ರತಿ ಸರದಿಗೂ ಬೇರೆ ಪ್ರಶ್ನೆಪತ್ರಿಕೆ. ಅಂಕಗಳನ್ನು ನೇರವಾಗಿ ಹೋಲಿಸದೆ ಪರ್ಸೆಂಟೈಲಿಗೆ ಪರಿವರ್ತಿಸುತ್ತಾರೆ.

ಅದರ ಲೆಕ್ಕ ಹೀಗೆ: ನಿಮ್ಮ ಸರದಿಯಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರ ಸಂಖ್ಯೆಯನ್ನು, ಆ ಸರದಿಯಲ್ಲಿ ಹಾಜರಾದವರ ಒಟ್ಟು ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸುವುದು. ನಮ್ಮ ಕಾಲೇಜಿನ ಉದಾಹರಣೆಯಲ್ಲಿ ಬೆಳಗ್ಗೆ 64 ಅಥವಾ ಅದಕ್ಕಿಂತ ಕಡಿಮೆ ಪಡೆದವರು 200ರಲ್ಲಿ 168 ಮಂದಿ ಇದ್ದರೆ ಆ ಹುಡುಗನ ಪರ್ಸೆಂಟೈಲ್ 84. ಮಧ್ಯಾಹ್ನ 72 ಅಥವಾ ಅದಕ್ಕಿಂತ ಕಡಿಮೆ ಪಡೆದವರೂ 168 ಮಂದಿ ಇದ್ದರೆ ಅಲ್ಲಿಯೂ 84. ಇಬ್ಬರೂ ಸಮ. ಪ್ರತಿ ಸರದಿಯ ಮೊದಲಿಗರಿಗೆ, ಅವರ ಅಂಕ ಎಷ್ಟೇ ಇರಲಿ, 100 ಪರ್ಸೆಂಟೈಲ್. ಸಮಾನ ಪರ್ಸೆಂಟೈಲ್ ಬಂದು ಗಂಟುಬೀಳದಿರಲೆಂದು ದಶಾಂಶ ಬಿಂದುವಿನ ನಂತರ ಏಳು ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ.

ಹೆತ್ತವರು ಇಲ್ಲಿ ಒಂದು ಮಾತು ನೆನಪಿಡಬೇಕು. ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ. 90 ಪರ್ಸೆಂಟೈಲ್ ಬಂದ ಮಗ 300ಕ್ಕೆ 270 ತೆಗೆದಿದ್ದಾನೆ ಎಂದು ಹಿಗ್ಗಬೇಕಾಗಿಲ್ಲ. ಅವನಿಗೆ ಅರ್ಧದಷ್ಟು ಅಂಕವೂ ಬಂದಿರಲಾರದು. ನೂರರಲ್ಲಿ ಹತ್ತು ಮಂದಿ ಅವನಿಗಿಂತ ಮುಂದಿದ್ದಾರೆ ಎಂದಷ್ಟೇ ಅದರ ಅರ್ಥ. ಹತ್ತು ಲಕ್ಷ ಮಂದಿ ಬರೆದಿದ್ದರೆ ಮುಂದಿರುವವರು ಒಂದು ಲಕ್ಷ.

ಎಲ್ಲವೂ ನಿಂತಿರುವ ಒಂದು ನಂಬಿಕೆ

ಅಂಕ ಕೂಡಿದರೂ, ಹರಹು ನೋಡಿ ಎಳೆದರೂ, ಪರ್ಸೆಂಟೈಲ್ ತೆಗೆದರೂ ಮೂರಕ್ಕೂ ತಳಪಾಯ ಒಂದೇ: ಎರಡು ಗುಂಪಿನ ಮಕ್ಕಳೂ ಸರಿಸುಮಾರು ಒಂದೇ ಸಾಮರ್ಥ್ಯದವರು ಎಂಬ ನಂಬಿಕೆ. ಅದು ಸುಳ್ಳಾದರೆ ಲೆಕ್ಕವೆಲ್ಲ ಸರಿಯಿದ್ದೂ ಉತ್ತರ ತಪ್ಪಾಗುತ್ತದೆ.

ಜೆಇಇಯಂಥ ಪರೀಕ್ಷೆಯಲ್ಲಿ ಯಾರಿಗೆ ಯಾವ ಸರದಿ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಒಂದೊಂದು ಸರದಿಯಲ್ಲೂ ಹತ್ತಾರು ಸಾವಿರ ಮಂದಿ ಇರುವಾಗ ಜಾಣರೆಲ್ಲ ಒಂದೇ ಕಡೆ ಸೇರಿಕೊಳ್ಳುವ ಸಂಭವ ತೀರ ಕಡಿಮೆ. ಒಂದು ಶಾಲೆಯ ‘ಎ’ ಮತ್ತು ‘ಬಿ’ ವಿಭಾಗಗಳ ಕಥೆ ಹಾಗಲ್ಲ. ಹೆಚ್ಚು ಅಂಕದವರನ್ನು ಆರಿಸಿ ‘ಎ’ ವಿಭಾಗ ಮಾಡಿದ್ದರೆ, ಅದರ ಸರಾಸರಿ ಹೆಚ್ಚು ಬಂದದ್ದು ಪತ್ರಿಕೆ ಸುಲಭವಾಗಿದ್ದರಿಂದಲ್ಲ, ಮಕ್ಕಳು ಓದಿದ್ದರಿಂದ. ಆ ಸರಾಸರಿಯನ್ನು ‘ಬಿ’ಯ ಮಟ್ಟಕ್ಕೆ ಇಳಿಸಿದರೆ ಓದಿದ್ದಕ್ಕೆ ದಂಡ ಹಾಕಿದಂತೆ. ಮೂವತ್ತು ನಲವತ್ತು ಮಂದಿಯ ಗುಂಪಿನಲ್ಲಿ ನಾಲ್ಕು ಮಕ್ಕಳು ಜ್ವರದಿಂದ ಬರದಿದ್ದರೂ ಸರಾಸರಿ ಅಲುಗಾಡುತ್ತದೆ.

ಹಾಗಾದರೆ ಅಂತರ ಪತ್ರಿಕೆಯದೋ ಮಕ್ಕಳದೋ ಎಂದು ತಿಳಿಯುವುದು ಹೇಗೆ? ಪರೀಕ್ಷಾಶಾಸ್ತ್ರದವರು ಇದಕ್ಕೆ ಕಂಡುಕೊಂಡ ಉಪಾಯ ಎರಡೂ ಪತ್ರಿಕೆಗಳಲ್ಲಿ ಒಂದಿಷ್ಟು ಪ್ರಶ್ನೆಗಳನ್ನು ಒಂದೇ ಇಡುವುದು. ಬೆಳಗಿನ ಮತ್ತು ಮಧ್ಯಾಹ್ನದ ಪತ್ರಿಕೆಗಳಲ್ಲಿ 20 ಅಂಕದ ಪ್ರಶ್ನೆಗಳು ಸಮಾನವಾಗಿದ್ದವು ಎನ್ನಿ. ಆ 20ರಲ್ಲಿ ಎರಡೂ ಗುಂಪಿನ ಸರಾಸರಿ 11 ಬಂದರೆ ಗುಂಪುಗಳು ಸಮಬಲದವು. ಒಟ್ಟಿನಲ್ಲಿ ಕಂಡ 12 ಅಂಕದ ಅಂತರ ಪತ್ರಿಕೆಯದ್ದೇ. ಆದರೆ ಬೆಳಗಿನವರಿಗೆ 9, ಮಧ್ಯಾಹ್ನದವರಿಗೆ 11 ಬಂದರೆ? 20ಕ್ಕೆ 2 ಅಂಕ ಎಂದರೆ ನೂರಕ್ಕೆ ಸ್ಥೂಲವಾಗಿ 10. ಅಂದರೆ ಆ 12ರಲ್ಲಿ 10 ಮಕ್ಕಳ ಸಾಮರ್ಥ್ಯದ ಅಂತರ, ಪತ್ರಿಕೆಯದು ಬರೀ 2. ಅಲ್ಲಿ ಕಣ್ಣುಮುಚ್ಚಿ 12 ಕೂಡಿದ್ದರೆ ಮಧ್ಯಾಹ್ನದವರಿಗೆ ಮೋಸವಾಗುತ್ತಿತ್ತು. ಈ ಉಪಾಯಕ್ಕೂ ಷರತ್ತುಗಳುಂಟು. ಸಮಾನ ಪ್ರಶ್ನೆಗಳು ಇಡೀ ಪಾಠಭಾಗಕ್ಕೆ ಮಾದರಿಯಂತಿರಬೇಕು ಮತ್ತು ಬೆಳಗ್ಗೆ ಬರೆದವರ ಬಾಯಿಂದ ಮಧ್ಯಾಹ್ನದವರಿಗೆ ತಲುಪಬಾರದು.

ಇಷ್ಟೆಲ್ಲ ಮಾಡಿದರೂ ಎರಡು ಪತ್ರಿಕೆಗಳು ಒಂದಾಗುವುದಿಲ್ಲ ಎಂಬುದನ್ನು ನ್ಯಾಯಾಲಯವೂ ಗುರುತಿಸಿದೆ. ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ನೀಟ್ ಪರೀಕ್ಷೆ 2024ರಲ್ಲಿ ಎರಡು ಸರದಿಗಳಲ್ಲಿ ನಡೆದಿತ್ತು. 2025ರಲ್ಲೂ ಹಾಗೆಯೇ ನಡೆಸಲು ಹೊರಟಾಗ, ಎರಡು ಪ್ರಶ್ನೆಪತ್ರಿಕೆಗಳು ಎಂದೂ ಒಂದೇ ಮಟ್ಟದವಾಗಿರಲಾರವು, ಸರಿದೂಗಿಸುವ ಸೂತ್ರವನ್ನು ಪ್ರತಿ ವರ್ಷದ ವಾಡಿಕೆ ಮಾಡಿಕೊಳ್ಳಬಾರದು ಎಂಬ ಅಭಿಪ್ರಾಯದೊಂದಿಗೆ ಸುಪ್ರೀಂ ಕೋರ್ಟ್ ಒಂದೇ ಸರದಿಯಲ್ಲಿ ನಡೆಸಲು ಆದೇಶಿಸಿತು. ಆ ಪರೀಕ್ಷೆ ಆಗಸ್ಟ್ 3ರಂದು ಒಂದೇ ಸರದಿಯಲ್ಲಿ ನಡೆಯಿತು.

ಕಳೆದುಹೋದದ್ದು ಮರಳಿ ಬಾರದು

ಈಗ 2022ರ ಪ್ರಕರಣಕ್ಕೆ ಇನ್ನೊಮ್ಮೆ ಮರಳಿದರೆ, ಆ ಸುಮಾರು 6 ಅಂಕದ ಕಡಿತದ ಬಲವೂ ಮಿತಿಯೂ ಕಾಣುತ್ತವೆ. ಬಲವೆಂದರೆ, ಅದು ನಿಂತಿದ್ದ ನಂಬಿಕೆ ಗಟ್ಟಿಯಾದದ್ದು. ಒಂದು ಇಡೀ ರಾಜ್ಯದ ಎರಡು ಸಾಲಿನ ವಿದ್ಯಾರ್ಥಿಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿರುವಾಗ, ಒಂದು ಸಾಲಿನವರು ಇನ್ನೊಂದಕ್ಕಿಂತ ಬಹಳ ಜಾಣರು ಎನ್ನಲು ಕಾರಣವಿಲ್ಲ.

ಮಿತಿ ಇರುವುದು ತುದಿಯಲ್ಲಿ. 2021ರಲ್ಲಿ ಒಂದು ವಿಷಯದಲ್ಲಿ ನೂರಕ್ಕೆ ನೂರು ಪಡೆದವರು ಸಾವಿರಾರು ಮಂದಿ. ಅವರಲ್ಲಿ ಪರೀಕ್ಷೆ ನಡೆದಿದ್ದರೆ 99 ತೆಗೆಯುವವರಿದ್ದರು, 90 ತೆಗೆಯುವವರೂ ಇದ್ದಿರಬಹುದು. ಆರು ಕಳೆದಾಗ ಅವರೆಲ್ಲ 94ರಲ್ಲಿ ನಿಲ್ಲುತ್ತಾರೆ. ನಿಜವಾಗಿ 99ರವನಿಗೆ ಐದು ಅಂಕ ನಷ್ಟ, 90ರವನಿಗೆ ನಾಲ್ಕು ಅಂಕ ಲಾಭ. ಒಮ್ಮೆ ಎಲ್ಲರೂ ಒಂದೇ ಅಂಕದಲ್ಲಿ ನಿಂತುಬಿಟ್ಟರೆ, ಅವರ ನಡುವಿನ ಅಂತರವನ್ನು ಯಾವ ಸೂತ್ರವೂ ಮರಳಿ ತರಲಾರದು. ಹದಿನೈದು ಬಗೆಯ ಮೀನನ್ನು ಒಂದೇ ಸಾರು ಮಾಡಿದ ಮೇಲೆ ಮತ್ತೆ ಬೇರೆ ಬೇರೆ ಬುಟ್ಟಿಗೆ ಹಾಕಲಾಗದ ಹಾಗೆ. ಇಂಥವರನ್ನು ಬೇರ್ಪಡಿಸುವ ಕೆಲಸವನ್ನು ಉಳಿದ ಅರ್ಧ, ಅಂದರೆ ಸಿಇಟಿ ಅಂಕವೇ ಮಾಡಬೇಕಾಯಿತು.

ಅಂಕಪಟ್ಟಿ ನೋಡುವಾಗ ಇದನ್ನು ಗುರುತಿಸುವ ದಾರಿ ಸುಲಭ. ತರಗತಿಯ ಬಹಳಷ್ಟು ಮಂದಿ ಗರಿಷ್ಠ ಅಂಕದಲ್ಲೇ ಗುಂಪುಗೂಡಿದ್ದರೆ ಆ ಪರೀಕ್ಷೆ ಮೇಲಿನವರನ್ನು ಅಳೆದೇ ಇಲ್ಲ. ಬಹಳಷ್ಟು ಮಂದಿ ಪಾಸಾಗುವ ಅಂಚಿನಲ್ಲೇ ನಿಂತಿದ್ದರೆ ಅದು ಕೆಳಗಿನವರನ್ನು ಅಳೆದಿಲ್ಲ.

ಅಂಕ ಗ್ರೇಡ್ ಆಗುವಾಗ

ಅಂಕವನ್ನು ಗ್ರೇಡಿಗೆ ಪರಿವರ್ತಿಸುವಾಗಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಗೆರೆಗಳು ಮೊದಲೇ ನಿಂತಿವೆ: ಶೇ. 90 ಮತ್ತು ಮೇಲಿದ್ದರೆ ಎ ಪ್ಲಸ್, 80 ದಾಟಿದರೆ ಎ, 70 ದಾಟಿದರೆ ಬಿ ಪ್ಲಸ್, 60 ದಾಟಿದರೆ ಬಿ. ಪತ್ರಿಕೆ ಸುಲಭವಾದ ವರ್ಷ ಎ ಪ್ಲಸ್ ಪಡೆದವರು ಹೆಚ್ಚುತ್ತಾರೆ, ಕಠಿಣವಾದ ವರ್ಷ ಇಳಿಯುತ್ತಾರೆ. ಗೆರೆ ಮಾತ್ರ ಅಲುಗಾಡುವುದಿಲ್ಲ.

ಸಿಬಿಎಸ್‌ಇ ಮಂಡಳಿಯ ಪರೀಕ್ಷೆಗಳಲ್ಲಿ ಗೆರೆ ಮಕ್ಕಳ ಜೊತೆಗೇ ಸರಿಯುತ್ತದೆ. ಒಂದು ವಿಷಯದಲ್ಲಿ ಪಾಸಾದವರನ್ನೆಲ್ಲ ಅಂಕದ ಕ್ರಮದಲ್ಲಿ ನಿಲ್ಲಿಸಿ ಎಂಟು ಭಾಗ ಮಾಡುತ್ತಾರೆ. ಮೊದಲ ಎಂಟನೇ ಒಂದು ಭಾಗಕ್ಕೆ ಎ-1, ಮುಂದಿನದಕ್ಕೆ ಎ-2, ಹೀಗೆ ಡಿ-2ರವರೆಗೆ. ಪಾಸಾದವರು 800 ಮಂದಿ ಇದ್ದರೆ ಮೊದಲ 100 ಮಂದಿಗೆ ಎ-1. ಆದ್ದರಿಂದಲೇ ಮಕ್ಕಳು ಹೆಚ್ಚು ಅಂಕ ಗಳಿಸುವ ವಿಷಯದಲ್ಲಿ ಕಡಿಮೆ ಗ್ರೇಡ್, ಕಡಿಮೆ ಅಂಕ ಬರುವ ಗಣಿತದಂಥ ವಿಷಯದಲ್ಲಿ ಹೆಚ್ಚು ಗ್ರೇಡ್ ಒಂದೇ ಅಂಕಪಟ್ಟಿಯಲ್ಲಿ ಕಾಣಿಸಬಹುದು. ಅದು ಅಚ್ಚಿನ ತಪ್ಪಲ್ಲ. ಮೊದಲ ಪದ್ಧತಿ ‘ಎಷ್ಟು ಬಲ್ಲೆ?’ ಎಂದು ಕೇಳುತ್ತದೆ; ಎರಡನೆಯದು ‘ಸಾಲಿನಲ್ಲಿ ಎಲ್ಲಿರುವೆ?’ ಎಂದು. ಇವೆರಡರ ಗ್ರೇಡುಗಳನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಸೇರನ್ನು ಮೊಳದಿಂದ ಅಳೆದ ಹಾಗೆ.

ಗ್ರೇಡಿನ ಇನ್ನೊಂದು ಗುಣ, ಅದು ಅಂಚಿನಲ್ಲಿ ಕ್ರೂರಿ. 89 ಮತ್ತು 90ರ ನಡುವೆ ಒಂದು ಅಂಕದ ಅಂತರ, ಗ್ರೇಡ್ ಬೇರೆ. 80 ಮತ್ತು 89ರ ನಡುವೆ ಒಂಬತ್ತು ಅಂಕದ ಅಂತರ, ಗ್ರೇಡ್ ಒಂದೇ. ಹೀಗಾಗಿ ಕ್ರಮ ಮುಖ್ಯ. ಸರಿದೂಗಿಸುವುದಿದ್ದರೆ ಮೊದಲು ಅಂಕವನ್ನು ಸರಿದೂಗಿಸಬೇಕು, ಆಮೇಲೆ ಗ್ರೇಡ್ ಕೊಡಬೇಕು. ಬೆಳಗಿನ ಪತ್ರಿಕೆಯಲ್ಲಿ 64 ಪಡೆದ ಹುಡುಗನಿಗೆ ಮೊದಲೇ ಗ್ರೇಡ್ ಕೊಟ್ಟಿದ್ದರೆ ‘ಬಿ’. ಅಂಕ ಸರಿದೂಗಿಸಿ 72 ಆದಮೇಲೆ ಕೊಟ್ಟರೆ ‘ಬಿ ಪ್ಲಸ್’. ಗ್ರೇಡ್ ಬರೆದು, ಅಂಕ ಅಳಿಸಿಬಿಟ್ಟ ಶಾಲೆಗೆ ಆ ಮೇಲೆ ತಪ್ಪು ತಿದ್ದಲು ದಾರಿಯೇ ಇರುವುದಿಲ್ಲ. ದಶಾಂಶವನ್ನು ಪೂರ್ಣಸಂಖ್ಯೆ ಮಾಡುವ ಕೆಲಸವೂ ಕೊನೆಯಲ್ಲಿ ಒಂದೇ ಸಲ ಆಗಬೇಕು. ನಡುನಡುವೆ ಮಾಡಿದರೆ ಅಂಚಿನಲ್ಲಿರುವವರು ಜಾರುತ್ತಾರೆ.

ಮಕ್ಕಳ ಅಂಕವನ್ನು ಯಾವುದಾದರೂ ಸೂತ್ರದಿಂದ ಏರಿಸಲಾಗಿದೆ ಅಥವಾ ಇಳಿಸಲಾಗಿದೆ ಎಂದು ತಿಳಿದಾಗ ಹೆತ್ತವರು ವಿನಯದಿಂದ ನಾಲ್ಕು ವಿಷಯ ಕೇಳಬಹುದು. ತಿದ್ದುವ ಮೊದಲಿನ ಮೂಲ ಅಂಕ ಎಷ್ಟು? ಎರಡೂ ಪತ್ರಿಕೆ ಬರೆದವರ ಸಂಖ್ಯೆ, ಸರಾಸರಿ ಮತ್ತು ಮಾನಕ ವಿಚಲನೆ ಎಷ್ಟು? ಯಾರು ಯಾವ ಪತ್ರಿಕೆ ಬರೆಯಬೇಕೆಂದು ನಿರ್ಧರಿಸಿದ್ದು ಹೇಗೆ? ಈ ಸೂತ್ರವನ್ನು ಪರೀಕ್ಷೆಗೆ ಮೊದಲು ಪ್ರಕಟಿಸಿದ್ದರೇ, ಇಲ್ಲವೇ ಫಲಿತಾಂಶ ನೋಡಿದ ಮೇಲೆ ಆರಿಸಿಕೊಂಡರೇ? ಕೊನೆಯ ಪ್ರಶ್ನೆಯ ಬೆಲೆ 2022ರ ಆ ಎರಡು ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು. ಹಳೆಯ ಸಾಲಿನವರ ಪಿಯು ಅಂಕವನ್ನು ಹೇಗೆ ಎಣಿಸುತ್ತೇವೆ ಎಂದು ಜೂನ್ ತಿಂಗಳ ಸಿಇಟಿಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದರೆ, ಇನ್ನೊಮ್ಮೆ ಪರೀಕ್ಷೆ ಬರೆಯಬೇಕೇ ಬೇಡವೇ ಎಂಬುದನ್ನು ಆ 24 ಸಾವಿರ ಮಂದಿ ಮನೆಯಲ್ಲಿ ಕೂತು ತಾವೇ ಲೆಕ್ಕ ಹಾಕಬಹುದಿತ್ತು.